ಸೂಲೂರಿನ ಪೇಟೆ ಎಲ್ಲಿಗೆ ಮುಗಿಯುತ್ತದೆ?

ಕೋಯಮತ್ತೂರಿನಿಂದ ತಿರುಚ್ಚಿ ರಸ್ತೆ ಹಿಡಿದು ಪೂರ್ವಕ್ಕೆ ಹೋದರೆ ಸೂಲೂರು, ಅದೇ ರಸ್ತೆಯಲ್ಲಿ ಮುಂದೆ ಪಲ್ಲಡಂ. ಈ ಎರಡು ಊರುಗಳ ನಡುವೆ ವಾಸವಾಗಿರುವ ಒಂದು ಮನೆಯವರು ಸಾಮಾನು ತರಲು ಯಾವ ಕಡೆಗೆ ಹೋಗುತ್ತಾರೆ? ಅಂಗಡಿ ಇಡುವವರು, ಗೋದಾಮು ಕಟ್ಟುವವರು, ಬ್ಯಾಂಕಿನ ಶಾಖೆ ತೆರೆಯುವವರು ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರ ಹುಡುಕಲು ಹೆಚ್ಚಿನವರು ಮಾಡುವ ಕೆಲಸವೂ ಒಂದೇ: ನಕ್ಷೆಯ ಮೇಲೆ ಪೇಟೆಗೊಂದು ಚುಕ್ಕೆ ಇಟ್ಟು, ಕೈವಾರದಲ್ಲಿ ಹತ್ತು ಕಿಲೋಮೀಟರಿನ ಒಂದು ವೃತ್ತ ಎಳೆಯುವುದು. ವೃತ್ತದ ಒಳಗಿನವರು ನಮ್ಮ ಗಿರಾಕಿಗಳು, ಹೊರಗಿನವರು ಅಲ್ಲ.

ಈ ವೃತ್ತವನ್ನು ನಾನು ಸುಮ್ಮನೆ ಒಪ್ಪಲಿಲ್ಲ. ಸೂಲೂರು ಮತ್ತು ಪಲ್ಲಡಂ ನಡುವಣ ನೇರ ದೂರ ಸುಮಾರು 18 ಕಿ.ಮೀ. ಎರಡಕ್ಕೂ 10 ಕಿ.ಮೀ. ತ್ರಿಜ್ಯದ ವೃತ್ತ ಎಳೆದರೆ ಒಂದೊಂದರ ವಿಸ್ತೀರ್ಣ 314 ಚದರ ಕಿ.ಮೀ., ಅವು ಒಂದರ ಮೇಲೊಂದು ಬೀಳುವ ಜಾಗ ಸುಮಾರು 12 ಚದರ ಕಿ.ಮೀ. ಇಷ್ಟಾದರೆ ಸಹಿಸಬಹುದು. ಆದರೆ ತ್ರಿಜ್ಯವನ್ನು 15ಕ್ಕೆ ಏರಿಸಿ ನೋಡಿ. ವೃತ್ತ 707 ಚದರ ಕಿ.ಮೀ. ಆಗುತ್ತದೆ, ಎರಡೂ ಕಡೆ ಎಣಿಕೆಯಾಗುವ ಜಾಗ ಒಮ್ಮೆಗೇ 201 ಚದರ ಕಿ.ಮೀ.ಗೆ ಹಾರುತ್ತದೆ. ಅಲ್ಲಿನ ಪ್ರತಿ ಮನೆಯೂ ಸೂಲೂರಿನ ಲೆಕ್ಕದಲ್ಲಿ ಒಮ್ಮೆ, ಪಲ್ಲಡಂ ಲೆಕ್ಕದಲ್ಲಿ ಇನ್ನೊಮ್ಮೆ. ತ್ರಿಜ್ಯವನ್ನು ಐದಕ್ಕೆ ಇಳಿಸಿದರೆ ಎರಡು ಊರಿನ ನಡುವೆ ಎಂಟು ಕಿಲೋಮೀಟರು ಯಾರಿಗೂ ಸೇರದೆ ಉಳಿಯುತ್ತದೆ, ಅಲ್ಲಿ ಇರುವವರು ಏನನ್ನೂ ಕೊಳ್ಳುವುದೇ ಇಲ್ಲವೆಂಬ ಹಾಗೆ. ಯಾವ ತ್ರಿಜ್ಯ ಸರಿ ಎಂದು ಹೇಳಲು ವೃತ್ತದೊಳಗೆ ಯಾವ ಆಧಾರವೂ ಇಲ್ಲ, ಎಳೆದವರ ಮನಸ್ಸಿಗೆ ಬಂದದ್ದೇ ಅಳತೆ.

ವೃತ್ತ ಕೇಳುವುದು ‘ಎಷ್ಟು ದೂರ?’ ಎಂದು. ಗಿರಾಕಿ ಕೇಳಿಕೊಳ್ಳುವುದು ‘ಇದು ಹತ್ತಿರವೋ, ಅದು ಹತ್ತಿರವೋ?’ ಎಂದು. ಈ ಎರಡನೆಯ ಪ್ರಶ್ನೆಯನ್ನೇ ನಕ್ಷೆಗೆ ಇಳಿಸುವ ವಿಧಾನಕ್ಕೆ ವೊರೊನೊಯ್ ಬಹುಭುಜ ಎಂದು ಹೆಸರು. ಮಾಡುವ ಬಗೆ ಶಾಲೆಯ ಜ್ಯಾಮಿತಿಯೇ. ಅಕ್ಕಪಕ್ಕದ ಎರಡು ಚುಕ್ಕೆಗಳನ್ನು ಸೇರಿಸುವ ಗೆರೆ ಎಳೆದು ಅದಕ್ಕೆ ಲಂಬಾರ್ಧಕ ಹಾಕಬೇಕು. ಲಂಬಾರ್ಧಕದ ಈಚೆಗಿನ ಪ್ರತಿ ಜಾಗವೂ ಈ ಚುಕ್ಕೆಗೆ ಹತ್ತಿರ, ಆಚೆಗಿನದು ಆ ಚುಕ್ಕೆಗೆ. ಎಲ್ಲ ನೆರೆಯವರ ಜೊತೆಗೂ ಹೀಗೆ ಮಾಡಿದಾಗ ಒಂದು ಊರಿನ ಸುತ್ತ ಉಳಿಯುವ ಆಕಾರವೇ ಅದರ ಸೀಮೆ. ಒಂದರ ಮೇಲೊಂದು ಬೀಳುವುದಿಲ್ಲ, ನಡುವೆ ಖಾಲಿ ಬಿಡುವುದೂ ಇಲ್ಲ, ತ್ರಿಜ್ಯವನ್ನು ಊಹಿಸುವ ಕೆಲಸವೂ ಇಲ್ಲ.

ನಾನು ತಾಲ್ಲೂಕು ಕೇಂದ್ರಗಳನ್ನಷ್ಟೇ ಆರಿಸಿಕೊಂಡೆ: ಕೋಯಮತ್ತೂರು, ಸೂಲೂರು, ಪಲ್ಲಡಂ, ತಿರುಪ್ಪೂರು, ಅವಿನಾಶಿ. ಸೂಲೂರನ್ನು ಸೊನ್ನೆ ಎಂದಿಟ್ಟುಕೊಂಡರೆ ಪಲ್ಲಡಂ ಪೂರ್ವಕ್ಕೆ ಸುಮಾರು 17.6 ಕಿ.ಮೀ., ದಕ್ಷಿಣಕ್ಕೆ 3.9. ತಿರುಪ್ಪೂರು ಪೂರ್ವಕ್ಕೆ 23.6, ಉತ್ತರಕ್ಕೆ 9.2. ಅವಿನಾಶಿ ಪೂರ್ವಕ್ಕೆ 15.6, ಉತ್ತರಕ್ಕೆ 18.6. ಲಂಬಾರ್ಧಕಗಳನ್ನು ಕೈಯಲ್ಲೇ ಬಿಡಿಸಿದರೆ ಸೂಲೂರು–ಪಲ್ಲಡಂ ಗಡಿ ತಿರುಚ್ಚಿ ರಸ್ತೆಯನ್ನು ಸೂಲೂರಿನಿಂದ 9 ಕಿ.ಮೀ. ದೂರದಲ್ಲಿ, ಕಾರಣಂಪೇಟೆಯ ಆಸುಪಾಸಿನಲ್ಲಿ ದಾಟುತ್ತದೆ. ಆ ಗಡಿ ಉತ್ತರಕ್ಕೆ ಹೋಗಿ ಅವಿನಾಶಿಯ ಗಡಿಯನ್ನು ಕೂಡುವ ಮೂಲೆ ಇರುವುದು ಸೂಲೂರಿಗೆ 10.75 ಕಿ.ಮೀ. ಪೂರ್ವ, 6.8 ಕಿ.ಮೀ. ಉತ್ತರದಲ್ಲಿ. ಅಲ್ಲಿಂದ ಸೂಲೂರು, ಪಲ್ಲಡಂ, ಅವಿನಾಶಿ ಮೂರೂ 12.7 ಕಿ.ಮೀ., ತಿರುಪ್ಪೂರು 13.1. ನಾಲ್ಕು ಪೇಟೆಗಳು ಹೆಚ್ಚುಕಡಿಮೆ ಸಮದೂರದಲ್ಲಿರುವ ಇಂಥ ಮೂಲೆಯನ್ನು ವೃತ್ತಗಳ ನಕ್ಷೆ ತೋರಿಸಲಾರದು. ಅಲ್ಲಿಯವರಿಗೆ ನಾಲ್ಕೂ ದೂರ. ಹೊಸ ಅಂಗಡಿಗೆ ಜಾಗ ಹುಡುಕುವವರು ಮೊದಲು ನೋಡಬೇಕಾದದ್ದು ಇಂಥ ಮೂಲೆಗಳನ್ನೇ. ನಿಜಕ್ಕೂ ಅಲ್ಲಿಂದ ಕೆಲವೇ ಕಿಲೋಮೀಟರು ಪಶ್ಚಿಮಕ್ಕೆ ವಿದ್ಯುತ್ ಮಗ್ಗಗಳ ಊರು ಸೋಮನೂರು ತನ್ನದೇ ಪೇಟೆಯನ್ನು ಬೆಳೆಸಿಕೊಂಡು ನಿಂತಿದೆ. ತಾಲ್ಲೂಕು ಕೇಂದ್ರವಲ್ಲದ್ದರಿಂದ ಅದು ನನ್ನ ಪಟ್ಟಿಯಲ್ಲಿರಲಿಲ್ಲ. ಅದನ್ನು ಆರನೆಯ ಚುಕ್ಕೆಯಾಗಿ ಇಟ್ಟ ಕೂಡಲೇ ಈಶಾನ್ಯಕ್ಕೆ ಸೂಲೂರಿನ ಗಡಿ ಐದು ಕಿಲೋಮೀಟರಿಗೆ ಕುಗ್ಗಿತು, ಆ ಮೂಲೆಯೂ ಸೋಮನೂರಿನ ಸೀಮೆಯೊಳಗೆ ಹೋಯಿತು.

ಈ ವಿಧಾನದ ದೊಡ್ಡ ಅಪಾಯ ಇಲ್ಲೇ ಇದೆ. ವೃತ್ತ ಎಳೆಯುವಾಗ ಒಂದು ಅಂಗಡಿಯನ್ನು ಮರೆತರೆ ಆ ಒಂದರ ವೃತ್ತ ಮಾತ್ರ ತಪ್ಪಿಹೋಗುತ್ತದೆ, ಉಳಿದವು ಹಾಗೇ ಇರುತ್ತವೆ. ವೊರೊನೊಯ್ ನಕ್ಷೆಯಲ್ಲಿ ಒಂದು ಚುಕ್ಕೆ ಬಿಟ್ಟುಹೋದರೆ ಸುತ್ತಲಿನ ಎಲ್ಲ ಸೀಮೆಗಳೂ ಅದರ ಜಾಗವನ್ನು ಹಂಚಿಕೊಂಡು ಉಬ್ಬುತ್ತವೆ, ನಕ್ಷೆ ನೋಡಿದರೆ ಏನೂ ತಪ್ಪಿದಂತೆ ಕಾಣುವುದಿಲ್ಲ. ಹಾಗಾಗಿ ಗೆರೆ ಎಳೆಯುವುದಕ್ಕಿಂತ ಪಟ್ಟಿ ಹುಡುಕುವುದಕ್ಕೇ ಹೆಚ್ಚು ಹೊತ್ತು ಕೊಡಬೇಕಾಗುತ್ತದೆ.

ಪಟ್ಟಿಗಳು ಸಿಗುವುದು ಜಿಲ್ಲೆಯ ಲೆಕ್ಕದಲ್ಲಿ. 2011ರ ಜನಗಣತಿಯ ಕೋಯಮತ್ತೂರು ಜಿಲ್ಲಾ ಕೈಪಿಡಿಯನ್ನು ತೆಗೆದರೆ ಸೂಲೂರು ಇದೆ, ಪಲ್ಲಡಂ ಇಲ್ಲ. ತಿರುಪ್ಪೂರು ಇಲ್ಲ, ಅವಿನಾಶಿಯೂ ಇಲ್ಲ. 2009ರಲ್ಲಿ ತಿರುಪ್ಪೂರು ಜಿಲ್ಲೆ ಬೇರೆಯಾದಾಗ ಈ ಮೂರೂ ಆ ಕಡೆಗೆ ಹೋದವು. ಕೋಯಮತ್ತೂರು ಜಿಲ್ಲೆಯ ಪಟ್ಟಿಯೊಂದನ್ನೇ ನಂಬಿ ಗೆರೆ ಎಳೆದವರಿಗೆ ಸೂಲೂರಿನ ಪೂರ್ವಕ್ಕೆ ಎದುರಾಳಿಯೇ ಇಲ್ಲ, ಸೀಮೆ ಆ ಕಡೆ ಬಾಯ್ತೆರೆದುಕೊಂಡೇ ಉಳಿಯುತ್ತದೆ. ಪಲ್ಲಡಂನ ಪೇಟೆಬೀದಿಯೇ ಸೂಲೂರಿನ ಗಿರಾಕಿಗಳ ಪಾಲಿಗೆ ಬೀಳುತ್ತದೆ! ಅರ್ಧ ಎಚ್ಚರ ವಹಿಸಿ ತಿರುಪ್ಪೂರನ್ನಷ್ಟೇ ಸೇರಿಸಿ ಪಲ್ಲಡಂ ಬಿಟ್ಟರೂ ತಿರುಚ್ಚಿ ರಸ್ತೆಯ ಮೇಲಿನ ಗಡಿ 9 ಕಿ.ಮೀ.ಯಿಂದ 15ಕ್ಕೆ ಜರುಗುತ್ತದೆ, ಪಲ್ಲಡಂ ಅಲ್ಲಿಂದ ಮೂರೇ ಕಿಲೋಮೀಟರು.

2001ರ ಕೈಪಿಡಿಯಲ್ಲಿ ಈ ತೊಡಕಿಲ್ಲ, ಆಗ ಎಲ್ಲವೂ ಒಂದೇ ಜಿಲ್ಲೆ. ಇನ್ನೂ ಹಿಂದಕ್ಕೆ, ಎಫ್. ಎ. ನಿಕೊಲ್ಸನ್ 1887ರಲ್ಲಿ ಹೊರತಂದ ಕೋಯಮತ್ತೂರು ಜಿಲ್ಲೆಯ ಮ್ಯಾನ್ಯುಯಲ್‌ಗೆ ಹೋದರೆ ಜಿಲ್ಲೆ ನಮ್ಮ ಕೊಳ್ಳೇಗಾಲದವರೆಗೂ ಹರಡಿದೆ. ಕೊಳ್ಳೇಗಾಲ ತಾಲ್ಲೂಕು ಕೋಯಮತ್ತೂರಿನಿಂದ ಬಿಡಿಸಿಕೊಂಡು ಮೈಸೂರಿಗೆ ಸೇರಿದ್ದು 1956ರ ನವೆಂಬರ್ 1ರಂದು. ಕೊಳ್ಳೇಗಾಲದವರು ಅದಕ್ಕೂ ಮೊದಲು ಯಾವ ಪೇಟೆಗೆ ಹೋಗುತ್ತಿದ್ದರೆಂದು ತಿಳಿಯಬೇಕಾದರೆ ಮದರಾಸು ಸರ್ಕಾರದ ಜಿಲ್ಲಾ ಕಡತವೊಂದನ್ನೇ ನೋಡಿ ಸುಮ್ಮನಾಗುವಂತಿಲ್ಲ, ಮೈಸೂರು ಸಂಸ್ಥಾನದ ಕಡತವನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು. ಗಡಿಯ ಊರುಗಳ ಮೇಲೆ ಕೆಲಸ ಮಾಡುವವರಿಗೆಲ್ಲ ಇದು ತಪ್ಪಿದ್ದಲ್ಲ. ಗಿರಾಕಿ ಜಿಲ್ಲೆಯ ಗಡಿ ನೋಡಿ ನಿಲ್ಲುವುದಿಲ್ಲ, ದಾಖಲೆ ಮಾತ್ರ ನಿಲ್ಲುತ್ತದೆ.

ಅಂಚಿನ ಸೀಮೆಗಳನ್ನು ಎಷ್ಟು ನಂಬಬಹುದು ಎಂದು ತಿಳಿಯಲು ಸುಲಭವಾದ ಪರೀಕ್ಷೆಯೊಂದಿದೆ. QGIS ತಂತ್ರಾಂಶದಲ್ಲಿ `Voronoi Polygons` ಎಂಬ ಸಾಧನ ಇದೆ, ಅದರಲ್ಲಿ `Buffer region` ಎಂಬ ಒಂದು ಶೇಕಡಾ ಅಂಕಿ ಕೇಳುತ್ತದೆ. ನಕ್ಷೆಯನ್ನು ಚುಕ್ಕೆಗಳ ಆಚೆಗೆ ಎಷ್ಟು ದೂರದವರೆಗೆ ಬೆಳೆಸಬೇಕು ಎಂಬುದೇ ಆ ಅಂಕಿ. ಅದನ್ನು ಮೊದಲು ಸೊನ್ನೆಗೆ, ಆಮೇಲೆ ಐವತ್ತಕ್ಕೆ ಇಟ್ಟು ಎರಡು ಸಲ ನಕ್ಷೆ ತೆಗೆಯಿರಿ. ಯಾವ ಸೀಮೆಗಳ ವಿಸ್ತೀರ್ಣ ಬದಲಾಗುವುದಿಲ್ಲವೋ ಅವನ್ನು ನಾಲ್ಕೂ ಕಡೆ ನೆರೆಯವರು ಕಟ್ಟಿದ್ದಾರೆ, ಅವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಬದಲಾದವುಗಳ ವಿಸ್ತೀರ್ಣ ಕಾಗದದ ಅಂಚಿನಿಂದ ಬಂದದ್ದು. ಐದು ತಾಲ್ಲೂಕು ಕೇಂದ್ರಗಳ ನನ್ನ ನಕ್ಷೆಯಲ್ಲಿ ದಕ್ಷಿಣಕ್ಕೆ ಪೊಳ್ಳಾಚಿಯನ್ನೂ ಉತ್ತರಕ್ಕೆ ಅನ್ನೂರನ್ನೂ ಸೇರಿಸುವವರೆಗೆ ಸೂಲೂರಿನ ವಿಸ್ತೀರ್ಣಕ್ಕೆ ಅರ್ಥವೇ ಇರಲಿಲ್ಲ. ಕೆಲಸಕ್ಕೆ ಮೊದಲು ನಕ್ಷೆಯನ್ನು ಮೀಟರಿನ ಅಳತೆಗೆ, ಈ ಭಾಗಕ್ಕಾದರೆ `EPSG:32643`ಗೆ ಬದಲಿಸಿಕೊಳ್ಳಬೇಕು. ಅಕ್ಷಾಂಶ ರೇಖಾಂಶದ ಡಿಗ್ರಿಯಲ್ಲೇ ಬಿಟ್ಟರೆ ಸೂಲೂರಿನಷ್ಟು ದಕ್ಷಿಣದಲ್ಲಿ ಗೆರೆ ತುಸುವೇ ಸರಿಯುತ್ತದೆ, ಆದರೆ ವಿಸ್ತೀರ್ಣ ಅಳೆಯಲು ಹೊರಟಾಗ ಸಿಗುವುದು ಚದರ ಡಿಗ್ರಿ.

ಇಷ್ಟೂ ನೇರ ದೂರದ ಮಾತಾಯಿತು. ಸೂಲೂರಿಗೂ ಸೋಮನೂರಿಗೂ ನಡುವೆ ನೊಯ್ಯಲ್ ಹೊಳೆ ಇದೆ, ಸೂಲೂರಿನ ಕೆರೆಗಳಿವೆ, ರೈಲುಹಳಿ ಇದೆ. ಆಗ್ನೇಯಕ್ಕೆ ವಾಯುಪಡೆಯ ನೆಲೆ ಇದೆ, ಅದರೊಳಗೆ ಹಾದು ಯಾರೂ ಅಂಗಡಿಗೆ ಹೋಗಲಾರರು. ಲಂಬಾರ್ಧಕಕ್ಕೆ ಇದಾವುದೂ ಕಾಣದು. ಗಡಿಯನ್ನು ದಾರಿಯ ಅಳತೆಯಲ್ಲಿ ಎಳೆಯಬೇಕೆಂದು ಮೊದಲು ಕಂಡುಕೊಂಡವರು ಯಾರು ಎಂದು ಹಿಂದಕ್ಕೆ ಹುಡುಕುತ್ತ ಹೋದಾಗ ನನ್ನನ್ನು ಅತ್ಯಂತ ಬೆರಗುಗೊಳಿಸಿದ ದಾಖಲೆ ಸಿಕ್ಕಿದ್ದು.

ಹುಡುಕಾಟ ಶುರುವಾದದ್ದು ಹೆಸರಿನಿಂದ. ಗಿಯೋರ್ಗಿ ವೊರೊನೊಯ್ ಉಕ್ರೇನಿನ ಗಣಿತಜ್ಞ, 1908ರಲ್ಲಿ ತನ್ನ 40ನೆಯ ವಯಸ್ಸಿನಲ್ಲೇ ತೀರಿಕೊಂಡರು. ಅವರ ಪ್ರಬಂಧಗಳಲ್ಲಿ ಅಂಗಡಿಯೂ ಇಲ್ಲ, ಊರೂ ಇಲ್ಲ, ಇರುವುದು ವರ್ಗಸಮಾಸಗಳ ಶುದ್ಧ ಗಣಿತ. ಅವರಿಗೂ ಮೊದಲು 1850ರಲ್ಲಿ ಡಿರಿಶ್ಲೆ ಅದೇ ಆಕಾರವನ್ನು ಬಳಸಿದ್ದರು. ಭೂಮಿಯ ಮೇಲೆ ಅದನ್ನು ಎಳೆದವರು ಅಮೆರಿಕದ ಹವಾಮಾನ ಇಲಾಖೆಯ ಆಲ್ಫ್ರೆಡ್ ಥೀಸನ್, 1911ರಲ್ಲಿ, ಒಂದೊಂದು ಮಳೆಮಾಪಕ ಎಷ್ಟು ನೆಲದ ಪರವಾಗಿ ಅಳೆಯುತ್ತದೆ ಎಂದು ತಿಳಿಯಲು. ನಮ್ಮ ಜಲವಿಜ್ಞಾನದ ಪಠ್ಯಗಳಲ್ಲಿ ಇಂದಿಗೂ ಅದು ಥೀಸನ್ ಬಹುಭುಜವೇ. ಪೇಟೆಯ ಲೆಕ್ಕಕ್ಕೆ ಅದು ಬಂದದ್ದು ಅದಾದ ದಶಕಗಳ ಮೇಲೆ. ಆದರೆ ಥೀಸನ್‌ಗಿಂತ ಬಹಳ ಹಿಂದೆ, ವೊರೊನೊಯ್ ಹುಟ್ಟುವುದಕ್ಕೂ 13 ವರ್ಷ ಮೊದಲು, ಲಂಡನ್ನಿನ ಒಬ್ಬ ವೈದ್ಯರು ಇಂಥದೇ ಗಡಿಯನ್ನು ರಸ್ತೆಯ ಅಳತೆಯಲ್ಲಿ ಎಳೆದುಬಿಟ್ಟಿದ್ದರು.

ಜಾನ್ ಸ್ನೋ ಮತ್ತು ಬ್ರಾಡ್ ಸ್ಟ್ರೀಟಿನ ಪಂಪಿನ ಕಥೆ ಅನೇಕರಿಗೆ ಗೊತ್ತು: 1854ರ ಕಾಲರಾ, ಸತ್ತವರ ಮನೆಗಳ ಮುಂದೆ ಕಪ್ಪು ಗೆರೆಗಳ ನಕ್ಷೆ, ಸೆಪ್ಟೆಂಬರ್ 8ರಂದು ಕಳಚಿದ ಪಂಪಿನ ಹಿಡಿ. ಹೆಚ್ಚಿನ ಪುಸ್ತಕಗಳಲ್ಲಿ ಅಚ್ಚಾಗುವುದು ಆ ಮೊದಲ ನಕ್ಷೆಯೇ. 1855ರಲ್ಲಿ ಸೇಂಟ್ ಜೇಮ್ಸ್ ಪ್ಯಾರಿಷ್‌ನ ಕಾಲರಾ ವಿಚಾರಣಾ ಸಮಿತಿಯ ವರದಿಗಾಗಿ ಸ್ನೋ ಅದನ್ನು ತಿದ್ದಿ ಕೊಟ್ಟರು. ತಿದ್ದಿದ ನಕ್ಷೆಯಲ್ಲಿ ಬ್ರಾಡ್ ಸ್ಟ್ರೀಟಿನ ಸುತ್ತ ಅಂಕುಡೊಂಕಾದ ಒಂದು ಚುಕ್ಕೆಗೆರೆ ಹೊಸದಾಗಿ ಸೇರಿದೆ. ಅದು ವೃತ್ತವಲ್ಲ, ಲಂಬಾರ್ಧಕವೂ ಅಲ್ಲ. ಆ ಗೆರೆಯ ಮೇಲಿನ ಪ್ರತಿ ಬಿಂದುವಿನಿಂದ ಬ್ರಾಡ್ ಸ್ಟ್ರೀಟಿನ ಪಂಪಿಗೂ ಪಕ್ಕದ ಇನ್ನೊಂದು ಪಂಪಿಗೂ ಬೀದಿಯಲ್ಲಿ ನಡೆದುಹೋಗುವ ದೂರ ಒಂದೇ. ಓಣಿ ಸುತ್ತಿಬರಬೇಕಾದ ಕಡೆ ಗೆರೆ ಒಳಕ್ಕೆ ಸರಿದಿದೆ, ನೇರ ಬೀದಿ ಇರುವ ಕಡೆ ಹೊರಕ್ಕೆ ಚಾಚಿದೆ. ಇಂದು ರಸ್ತೆಜಾಲದ ವೊರೊನೊಯ್ ಎನ್ನುವುದು ಇದನ್ನೇ.

ಗೆರೆಗಿಂತಲೂ ಹೆಚ್ಚು ಕಲಿಸುವುದು ಸ್ನೋ ಅದರ ಹಿಂದೆ ಇಟ್ಟಿದ್ದ ಲೆಕ್ಕ. ಕಾಲರಾ ಕುರಿತ ತನ್ನ ಪುಸ್ತಕದ 1855ರ ಆವೃತ್ತಿಯಲ್ಲಿ ಅವರು ಅದನ್ನು ಬಿಡಿಸಿ ಹೇಳಿದ್ದಾರೆ. ಮರಣ ನೋಂದಣಿ ಕಚೇರಿಯಿಂದ ಕಾಲರಾ ಸ್ಫೋಟಿಸಿದ ವಾರದ ಕೊನೆಯ ಮೂರು ದಿನಗಳ 83 ಸಾವುಗಳ ಪಟ್ಟಿ ತೆಗೆದುಕೊಂಡು ಮನೆ ಮನೆಗೆ ಹೋದರು. 83ರಲ್ಲಿ ಹತ್ತು ಸಾವುಗಳು ಮಾತ್ರ ಬೇರೊಂದು ಪಂಪಿಗೆ ಹತ್ತಿರದ ಮನೆಗಳಲ್ಲಿ ಆಗಿದ್ದವು. ಉಳಿದ 73 ಬ್ರಾಡ್ ಸ್ಟ್ರೀಟಿನ ಸೀಮೆಯವು. ಆ 73ರಲ್ಲಿ 61 ಮಂದಿ ಅದೇ ಪಂಪಿನ ನೀರು ಕುಡಿಯುತ್ತಿದ್ದರೆಂದು ಮನೆಯವರು ಹೇಳಿದರು, ಆರು ಮಂದಿ ಕುಡಿಯುತ್ತಿರಲಿಲ್ಲವೆಂದರು, ಇನ್ನಾರರ ಬಗ್ಗೆ ಹೇಳಲು ಯಾರೂ ಉಳಿದಿರಲಿಲ್ಲ ಅಥವಾ ತಿಳಿಯಲಿಲ್ಲ. ಗೆರೆಯಾಚೆಯ ಹತ್ತನ್ನು ಸ್ನೋ ಅಪವಾದವೆಂದು ಬದಿಗಿಡಲಿಲ್ಲ. ಐದು ಮನೆಯವರು ಹತ್ತಿರದ ಪಂಪು ಬಿಟ್ಟು ಬ್ರಾಡ್ ಸ್ಟ್ರೀಟಿನ ನೀರನ್ನೇ ತರಿಸುತ್ತಿದ್ದರು, ಅವರಿಗೆ ಅದರ ರುಚಿ ಮೇಲು. ಮೂವರು ಆ ಪಂಪಿನ ಬಳಿಯ ಶಾಲೆಗೆ ಹೋಗುತ್ತಿದ್ದ ಮಕ್ಕಳು. ಹತ್ತರಲ್ಲಿ ಎಂಟಕ್ಕೆ ಕಾರಣ ಸಿಕ್ಕಿತು. ಇನ್ನೊಂದು ಕಡೆ, ಮಾರ್ಲ್‌ಬರೋ ಸ್ಟ್ರೀಟಿನ ಪಂಪಿನ ನೀರು ಎಷ್ಟು ಕೆಟ್ಟಿತ್ತೆಂದರೆ ಹತ್ತಿರದವರೇ ಅದನ್ನು ಬಿಟ್ಟು ಬ್ರಾಡ್ ಸ್ಟ್ರೀಟಿಗೆ ಬರುತ್ತಿದ್ದರೆಂದೂ ಅವರು ಗುರುತಿಸಿದ್ದಾರೆ. ಸೀಮೆಯ ಒಳಗೇ ಇದ್ದ ಪೋಲಂಡ್ ಸ್ಟ್ರೀಟಿನ ವರ್ಕ್‌ಹೌಸಿನಲ್ಲಿ 535 ಜನ ಇದ್ದರು, ಕಾಲರಾದಿಂದ ಸತ್ತವರು ಐವರು. ಅಲ್ಲಿ ಅವರದೇ ಬಾವಿ ಇತ್ತು.

ಅಂಗಡಿಯ ಸೀಮೆ ಎಳೆಯುವವರಿಗೆ ಬೇಕಾದ ಪರೀಕ್ಷೆ ಪೂರ್ತಿಯಾಗಿ ಇಲ್ಲಿದೆ. ಒಂದು ಮನೆಪಟ್ಟಿ ಬೇಕು, ಪ್ರತಿ ಮನೆಗೆ ನಕ್ಷೆ ಹೇಳುವ ಅಂಗಡಿ ಯಾವುದು, ಮನೆಯವರು ನಿಜವಾಗಿ ಹೋಗುವುದು ಯಾವುದು ಎಂದು ಎದುರುಬದುರು ಬರೆಯಬೇಕು, ಹೊಂದದವುಗಳ ಬಾಗಿಲು ತಟ್ಟಿ ಕಾರಣ ಕೇಳಬೇಕು. ಹೊಂದದವು ಸೀಮೆಯ ಅಂಚಿನಲ್ಲೇ ಗುಂಪಾಗಿದ್ದರೆ ದಾರಿಯ ಅಳತೆ ತಪ್ಪಿದೆ: ಸೇತುವೆಯೊಂದನ್ನೋ ಹಳಿಯ ಗೇಟನ್ನೋ ನಕ್ಷೆ ಕಂಡಿಲ್ಲ. ಸೀಮೆಯ ನಟ್ಟನಡುವಿನ ಮನೆಗಳೂ ಬೇರೆಡೆ ಹೋಗುತ್ತಿದ್ದರೆ ಅಂಗಡಿ ಅಂಗಡಿಗೆ ತೂಕ ಬೇರೆ, ಅಥವಾ ಜನ ಹೊರಡುವುದು ಮನೆಯಿಂದಲ್ಲ, ಕೆಲಸದ ಜಾಗದಿಂದ. ಸ್ನೋ ಕಂಡ ಶಾಲೆಯ ಮಕ್ಕಳ ಜಾಗದಲ್ಲಿ ಸೂಲೂರಿನ ಸುತ್ತ ಇರುವವರು ಮಿಲ್ಲಿನ ಪಾಳಿ ಮುಗಿಸಿ ಬಸ್ಸಿಳಿದ ಕಡೆಯೇ ಸಾಮಾನು ಕಟ್ಟಿಸಿಕೊಳ್ಳುವವರು.

ಸೋಮನೂರಿನ ಕಡೆಯ ದೇವಾಂಗ ಮನೆಗಳಲ್ಲಿ ಇಂದಿಗೂ ಕನ್ನಡ ಇದೆ. ಅಂಥ ಒಂದು ಮನೆಯ ಹಿರಿಯರನ್ನು ಕೇಳಿದೆ, “ಅತ್ತೆ, ಸಾಮಾನೆಲ್ಲ ಎಲ್ಲಿಂದ ತರ್ತೀರಿ?”

“ಉಪ್ಪು ಎಣ್ಣೆ ಇಲ್ಲೇ ಎದುರಂಗಡೀಲಿ. ಮದುವೆ ಬಟ್ಟೆ ಅಂದ್ರೆ ಕೋಯಮತ್ತೂರಿಗೇ ಹೋಗ್ಬೇಕು ಕಣಪ್ಪ. ಸೂಲೂರಲ್ಲಿ ನಾಲ್ಕು ಅಂಗಡಿ ನೋಡಿ ಬರೋಷ್ಟು ಹೊತ್ತಿಗೆ ಅಲ್ಲಿ ನಲವತ್ತು ನೋಡ್ಬಹುದು.”

ಒಂದೇ ಮನೆಗೆ ಎರಡು ಸೀಮೆ. ವೊರೊನೊಯ್ ಎಲ್ಲ ಪೇಟೆಗಳನ್ನೂ ಒಂದೇ ತೂಕದವೆಂದು ಹಿಡಿಯುತ್ತದೆ. ಉಪ್ಪಿಗೆ ಅದು ನಿಜ, ಏಕೆಂದರೆ ಎಲ್ಲಿ ಕೊಂಡರೂ ಉಪ್ಪು ಉಪ್ಪೇ. ಆರಿಸಿ ಕೊಳ್ಳುವ ವಸ್ತುವಿಗೆ ನಿಜವಲ್ಲ. ಅಮೆರಿಕದ ಪಿ. ಡಿ. ಕಾನ್ವರ್ಸ್ 1949ರಲ್ಲಿ, ರೈಲಿ 1931ರಲ್ಲಿ ಹೇಳಿದ್ದ ನಿಯಮವನ್ನು ಹಿಡಿದು, ಎರಡು ಊರಿನ ನಡುವೆ ಗಿರಾಕಿ ಹರಿಹಂಚಾಗುವ ಬಿಂದುವಿಗೆ ಒಂದು ಸೂತ್ರ ಕೊಟ್ಟರು. ನಡುವಿನ ದೂರವನ್ನು, ಒಂದಕ್ಕೆ ಎರಡೂ ಊರಿನ ಜನಸಂಖ್ಯೆಯ ಅನುಪಾತದ ವರ್ಗಮೂಲವನ್ನು ಕೂಡಿಸಿ ಬಂದದ್ದರಿಂದ ಭಾಗಿಸಬೇಕು:

```
d = D / (1 + sqrt(P2 / P1))
```

2011ರ ಜನಗಣತಿಯಲ್ಲಿ ಸೂಲೂರು ಪಟ್ಟಣಕ್ಕೆ ಸುಮಾರು 28 ಸಾವಿರ ಜನ, ಪಲ್ಲಡಂಗೆ 42 ಸಾವಿರ. ಸೂಲೂರನ್ನು P1 ಎಂದಿಟ್ಟು ಸೂತ್ರಕ್ಕೆ ಹಾಕಿದರೆ ಸೂಲೂರಿನ ಪೂರ್ವದ ಗಡಿ 9 ಕಿ.ಮೀ.ಯಿಂದ 8.1ಕ್ಕೆ ಬರುತ್ತದೆ. ಒಂದು ಕಿಲೋಮೀಟರಿಗೂ ಕಡಿಮೆ ವ್ಯತ್ಯಾಸ. ಆ ದಿಕ್ಕಿಗೆ ಸರಳ ವೊರೊನೊಯ್ ಸಾಕು, ಸೂತ್ರದ ಗೊಡವೆ ಬೇಡ. ಪಶ್ಚಿಮಕ್ಕೆ ತಿರುಗಿದರೆ ಕೋಯಮತ್ತೂರು ಸುಮಾರು ಅಷ್ಟೇ ದೂರ, 18 ಕಿ.ಮೀ. ಆದರೆ ಜನ ಸುಮಾರು ಹತ್ತೂವರೆ ಲಕ್ಷ. ಅನುಪಾತ ಮೂವತ್ತೇಳೂವರೆ, ವರ್ಗಮೂಲ ಆರಕ್ಕೆ ತುಸು ಹೆಚ್ಚು, ಗಡಿ ಸೂಲೂರಿನಿಂದ 2.5 ಕಿ.ಮೀ.ಗೆ ಬಂದು ನಿಲ್ಲುತ್ತದೆ. ಅಂದರೆ ಉಪ್ಪಿನ ಲೆಕ್ಕದಲ್ಲಿ ಪಶ್ಚಿಮಕ್ಕೆ ಒಂಬತ್ತು ಕಿಲೋಮೀಟರು ಹರಡುವ ಸೂಲೂರಿನ ಪೇಟೆ, ರೇಷ್ಮೆ ಸೀರೆಯ ಲೆಕ್ಕದಲ್ಲಿ ಊರು ದಾಟುತ್ತಿದ್ದ ಹಾಗೆಯೇ ಮುಗಿದುಹೋಗುತ್ತದೆ. ಜನಸಂಖ್ಯೆಯನ್ನು ಅಂಗಡಿಯ ಸೆಳೆತದ ಬದಲಿಗೆ ಇಟ್ಟುಕೊಂಡದ್ದು ಒರಟು ಅಳತೆ. ಅಂಗಡಿಗಳ ನೆಲದ ವಿಸ್ತೀರ್ಣ ಸಿಕ್ಕರೆ ಅದೇ ಮೇಲು.

ಈಗ ನನ್ನ ಮೇಜಿನ ಮೇಲಿರುವ ನಕ್ಷೆಯಲ್ಲಿ ಸೂಲೂರಿಗೆ ಎರಡು ಗಡಿಗಳಿವೆ. ದಿನಸಿಯದು ಸೋಮನೂರನ್ನೂ ಸೇರಿಸಿಕೊಂಡು ರಸ್ತೆಯ ಅಳತೆಯಲ್ಲಿ ಎಳೆದದ್ದು, ಬಟ್ಟೆಯದು ತೂಕ ಹಾಕಿ ಎಳೆದದ್ದು. ಪೂರ್ವಕ್ಕೆ, ಪಲ್ಲಡಂ ಕಡೆ, ಎರಡೂ ಹೆಚ್ಚುಕಡಿಮೆ ಒಂದರ ಮೇಲೊಂದು ಕೂತಿವೆ. ಪಶ್ಚಿಮಕ್ಕೆ, ಕಣ್ಣಂಪಾಳ್ಯ, ಇರುಗೂರಿನ ಕಡೆ, ನಡುವೆ ಆರೂವರೆ ಕಿಲೋಮೀಟರಿನ ಪಟ್ಟಿ ಬಿದ್ದಿದೆ. ಮನೆಪಟ್ಟಿ ಹಿಡಿದು ಬಾಗಿಲು ತಟ್ಟುವ ಕೆಲಸವನ್ನು ಆ ಪಟ್ಟಿಯಿಂದ ಶುರುಮಾಡಬೇಕು.